ಲಗ್ನ ಆರಿಸಿದ ಕಾರ್ಡು

ನಮ್ಮ ಕಡೆ ಲಗ್ನ ಅಂದರೆ ಮದುವೆ. ಪಂಚಾಂಗದಲ್ಲಿ ಲಗ್ನ ಅಂದರೆ ಕೂಸು ಹುಟ್ಟಿದ ಹೊತ್ತಿಗೆ ಪೂರ್ವ ದಿಕ್ಕಿನ ಅಂಚಿನಲ್ಲಿ ಏಳುತ್ತಿದ್ದ ರಾಶಿ. ನಮ್ಮ ಅಣ್ಣನ ಮಗಳ ವಿಷಯದಲ್ಲಿ ಎರಡನೇ ಲಗ್ನ ಮೊದಲನೇ ಲಗ್ನವನ್ನು ಮುರಿಯಿತು. ಅದು ಹೊಸದಲ್ಲ ಬಿಡ್ರಿ, ಊರೂರಲ್ಲೂ ನಡೆಯುತ್ತದೆ. ಆದರೆ ಈ ಸಲ ಆ ಎರಡನೇ ಲಗ್ನ ಯಾವುದು ಅಂತ ತೀರ್ಮಾನ ಮಾಡಿದ್ದು ಆಕಾಶವೂ ಅಲ್ಲ, ಗಡಿಯಾರವೂ ಅಲ್ಲ. ಒಂದು ಕಾರ್ಡು. ನನ್ನ ಸಿಟ್ಟೆಲ್ಲ ಅದರ ಮೇಲೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಜಾತಕ ನಂಬುವವನಲ್ಲ. ಆದರೆ ಜಾತಕ ಬರೆಯಲು ಬರುತ್ತದೆ. ಹುನ್ನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜ ಪಂಚಾಂಗ ಇಟ್ಟುಕೊಂಡು ಕೂಡುತ್ತಿದ್ದ. ಗುಣಾಕಾರ, ಭಾಗಾಕಾರ ಮಾಡಲು ಪಾಟಿ ಹಿಡಿದು ಕೂಡುವ ಕೆಲಸ ನನ್ನದು. ನಾನು ಮುಂದೆ ಗಣಿತದ ಮಾಸ್ತರ ಆಗಿದ್ದಕ್ಕೆ ಆ ಪಾಟಿಯೇ ಕಾರಣ. ಅಜ್ಜನ ಫಲ ಎಷ್ಟು ಸರಿ ಬಂದವು, ಎಷ್ಟು ತಪ್ಪಿದವು ಅಂತ ಲೆಕ್ಕ ಇಟ್ಟವನೂ ನಾನೇ. ತಪ್ಪಿದ್ದೇ ಜಾಸ್ತಿ. ಒಂದು ಮಾತು ಮಾತ್ರ ಖರೇ. ಅಜ್ಜ ಬರೆದು ಕೊಡುತ್ತಿದ್ದ. ಇಂಥ ಇಸ್ವಿಯ ಇಂಥ ತಿಂಗಳಿಂದ ಇಂಥ ದಶೆ ಅಂತ ಹಾಳೆಯ ಮೇಲೆ ಇರುತ್ತಿತ್ತು. ಹತ್ತು ವರ್ಷ ಬಿಟ್ಟು ಬಂದು ಆ ಹಾಳೆಯನ್ನು ಅವನ ಮುಖದ ಮುಂದೆ ಹಿಡಿಯಬಹುದಿತ್ತು. ಕೆಲವರು ಹಿಡಿದರು ಕೂಡ.

ಈಗ ಹುಡುಗಿಯ ಕಥೆಗೆ ಬರೋಣ. 1997ರ ಫೆಬ್ರವರಿ, ಜಮಖಂಡಿಯ ಒಂದು ದವಾಖಾನೆ, ರಾತ್ರಿ ಹತ್ತೂ ಇಪ್ಪತ್ತು. ನರ್ಸಬಾಯಿ ಗ್ವಾಡಿ ಗಡಿಯಾರ ನೋಡಿ ಬರೆದ ವೇಳೆ ಅದು. ಹುಡುಗಿ ಈಗ ಬೆಂಗಳೂರಾಗ ನೌಕರಿ ಮಾಡುತ್ತಾಳೆ. ಬನಹಟ್ಟಿಯ ಒಂದು ಮನೆತನದ ಹುಡುಗನ ಸಂಬಂಧ ಬಂತು. ಅವರದು ಪಾವರ್‌ಲೂಮ್ ಇದೆ, ಹುಡುಗನೂ ಬೆಂಗಳೂರಿನಲ್ಲೇ ಇದ್ದ. ಇಬ್ಬರೂ ಮೂರು ತಿಂಗಳು ಫೋನಿನಲ್ಲಿ ಮಾತಾಡಿದರು, ಎರಡು ಸಲ ಭೇಟಿಯಾದರು. ಹುಡುಗಿ ನನಗೆ ಫೋನ್ ಮಾಡಿ, "ಕಾಕಾ, ಛಲೋ ಅನಸ್ತದ, ಅಪ್ಪಗ ನೀನ ಹೇಳು" ಅಂದಳು. ನಮ್ಮ ಮನೆಯ ಹೆಣ್ಣುಮಕ್ಕಳು ಇಷ್ಟು ಬಾಯಿಬಿಟ್ಟು ಹೇಳಿದ್ದು ನಾನು ನೋಡಿದಂತೆ ಮೊದಲ ಸಲ.

ಜಮಖಂಡಿಯ ಅಯ್ಯನವರು ಜಾತಕ ನೋಡಿದರು. ಕನ್ಯಾ ಲಗ್ನ, ಭರಣಿ ನಕ್ಷತ್ರ, ಮೇಷ ರಾಶಿ. ಮಂಗಳ ಲಗ್ನದಲ್ಲೇ ಇದ್ದಾನೆ, ತಮ್ಮ ಪದ್ಧತಿಯ ಪ್ರಕಾರ ಕುಜದೋಷ ಇಲ್ಲ, ಮುಂದುವರೀರಿ ಅಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ವೈನಿಗೆ ಯಾರೋ ಗೆಳತಿಯೊಬ್ಬರು ಬೆಂಗಳೂರಿನ ಮೇಡಂ ಒಬ್ಬರ ನಂಬರ್ ಕೊಟ್ಟಿದ್ದರು. ಆ ಮೇಡಂ ಜಾತಕವನ್ನೂ ನೋಡುತ್ತಾರೆ, ಟ್ಯಾರೋ ಕಾರ್ಡನ್ನೂ ಹಾಕುತ್ತಾರೆ, "ಎರಡೂ ಸೇರಿಸಿ ನೋಡಿದ್ರ ತಪ್ಪಂಗಿಲ್ಲಂತ" ಅಂತ ವೈನಿ ಹೇಳಿದರು. ವಿಡಿಯೋ ಕಾಲಿನಲ್ಲಿ ಮೂವತ್ತು ನಿಮಿಷ. ನಾನೂ ಹಿಂದೆ ಕೂತಿದ್ದೆ, ಚಹಾ ಕುಡಿಯುತ್ತ.

ಮೇಡಂ ಆ್ಯಪಿನಲ್ಲಿ ತಾರೀಖು, ವೇಳೆ ಹಾಕಿದರು. ಊರು ಅಂತ ಕೇಳಿದಾಗ ವೈನಿ, ಹುಡುಗಿ ಇರೋದು ಬೆಂಗಳೂರು ಅಂತ ತಿಳಿದು ಅದನ್ನೇ ಹೇಳಿದರು. ಪರದೆಯ ಮೇಲೆ ತುಲಾ ಲಗ್ನ ಬಂತು. ತುಲಾದಿಂದ ಎಣಿಸಿದರೆ ಕನ್ಯೆಯಲ್ಲಿರುವ ಮಂಗಳ ಹನ್ನೆರಡನೇ ಮನೆಗೆ ಬರುತ್ತಾನೆ. ಹನ್ನೆರಡು ಅಂದರೆ ಎಲ್ಲಾ ಪದ್ಧತಿಯಲ್ಲೂ ಕುಜದೋಷದ ಮನೆ. ವೈನಿಯ ಮುಖ ಇಳಿದುಹೋಯಿತು.

ಇಲ್ಲಿ ನಾನು ಬಾಯಿ ಹಾಕಿದೆ. ಯಾಕೆ ಹಿಂಗಾಯಿತು ಅಂತ ನಿಮಗೂ ಹೇಳುತ್ತೇನೆ, ಕಷ್ಟದ ವಿಷಯವಲ್ಲ. ದೇಶಕ್ಕೆಲ್ಲ ನಮ್ಮದು ಒಂದೇ ಗಡಿಯಾರ, ಆದರೆ ಸೂರ್ಯ, ನಕ್ಷತ್ರ ಎಲ್ಲ ಊರಲ್ಲೂ ಒಂದೇ ಸಲ ಏಳುವುದಿಲ್ಲ. ಭಾರತದ ವೇಳೆ 82 ಡಿಗ್ರಿ 30 ನಿಮಿಷದ ರೇಖಾಂಶಕ್ಕೆ ಸೇರಿದ್ದು. ಜಮಖಂಡಿ ಇರುವುದು ಸುಮಾರು 75 ಡಿಗ್ರಿ 18 ನಿಮಿಷದ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ನಮ್ಮ ಊರಿನ ಖರೇ ವೇಳೆ ಗಡಿಯಾರಕ್ಕಿಂತ ಸುಮಾರು 29 ನಿಮಿಷ ಹಿಂದೆ. ಬೆಂಗಳೂರಿನದು ಸುಮಾರು 20 ನಿಮಿಷ ಹಿಂದೆ. ಅಂದರೆ ಒಂದೇ ಗಡಿಯಾರದ ಹತ್ತೂ ಇಪ್ಪತ್ತಕ್ಕೆ ಬೆಂಗಳೂರಿನ ಆಕಾಶ ನಮ್ಮದಕ್ಕಿಂತ ಒಂಬತ್ತು ನಿಮಿಷ ಮುಂದೆ ಇರುತ್ತದೆ. ಒಂದು ರಾಶಿ ಪೂರ್ತಿ ಏಳಲು ಸುಮಾರು ಎರಡು ತಾಸು, ಅಂದರೆ ಒಂದು ಡಿಗ್ರಿಗೆ ನಾಲ್ಕು ನಿಮಿಷ. ಒಂಬತ್ತು ನಿಮಿಷದಲ್ಲಿ ಲಗ್ನ ಎರಡು ಡಿಗ್ರಿಗಿಂತ ಜಾಸ್ತಿ ಸರಿಯುತ್ತದೆ. ಹುಡುಗಿಯ ಲಗ್ನ ಜಮಖಂಡಿಗೆ ಲೆಕ್ಕ ಹಾಕಿದರೆ ಕನ್ಯೆಯ ಕಟ್ಟಕಡೆಯ ಡಿಗ್ರಿಗಳಲ್ಲಿ ನಿಲ್ಲುತ್ತದೆ, ಬೆಂಗಳೂರಿಗೆ ಹಾಕಿದರೆ ತುಲಾದೊಳಗೆ ಕಾಲಿಡುತ್ತದೆ. ಊರಿನ ಹೆಸರು ತಪ್ಪಿದ್ದಕ್ಕೆ ಹುಡುಗಿಗೆ ದೋಷ ಬಂತು.

ಮೇಡಂ ಊರು ಬದಲಿಸಿದರು. ಕನ್ಯಾ ಲಗ್ನ ಬಂತು. ಅವರಿಗೆ ವಿದ್ಯೆ ಇಲ್ಲ ಅಂತ ನಾನು ಹೇಳುವುದಿಲ್ಲ, ಅಂಚಿನಲ್ಲಿದೆ ಅನ್ನುವುದನ್ನು ಅವರೇ ಗುರುತಿಸಿದರು. ನರ್ಸಬಾಯಿ ಹತ್ತೂ ಇಪ್ಪತ್ತು ಅಂತ ಬರೆದಿದ್ದಾಳೆ, ಹೆರಿಗೆ ಮಾಡಿಸುವಾಗ ಯಾರು ಸೆಕೆಂಡು ನೋಡುತ್ತಾರೆ? ಐದು ಐದು ನಿಮಿಷಕ್ಕೆ ಸರಿಮಾಡಿ ಬರೆಯುವುದೇ ರೂಢಿ. ಗಡಿಯಾರವೇ ನಾಲ್ಕು ನಿಮಿಷ ಹಿಂದಿದ್ದರೆ? ಜಾತಕ ಇಲ್ಲಿ ಕೈ ಚೆಲ್ಲುತ್ತದೆ. ಪ್ರಾಮಾಣಿಕ ಮನುಷ್ಯ ಇಲ್ಲಿ ಹೇಳಬೇಕಾದ್ದು ಇಷ್ಟೇ: ನಿಮ್ಮ ವೇಳೆ ಇಷ್ಟು ಖಚಿತ ಇಲ್ಲ, ಲಗ್ನದ ಮೇಲೆ ನಿಂತ ಯಾವ ಮಾತನ್ನೂ ನಾನು ಹೇಳಲಾರೆ. ನಮ್ಮ ಅಜ್ಜ ಇಂಥ ಹೊತ್ತಿನಲ್ಲಿ ಪಾಟಿ ಒರೆಸಿ, "ಚಂದ್ರನಿಂದ ನೋಡತೀನಿ, ಲಗ್ನದ್ದು ಕೇಳಬ್ಯಾಡ್ರಿ" ಅನ್ನುತ್ತಿದ್ದ.

ಮೇಡಂ ಏನಂದರು ಗೊತ್ತೇನ್ರಿ? "ಸಂಶಯ ಇದ್ದಾಗ್ಲೇ ಕಾರ್ಡ್ ಕೆಲಸಕ್ಕೆ ಬರೋದು" ಅಂದರು. ಕಲಸಿದರು. ಮೂರು ತೆಗೆದರು. ಮೊದಲನೆಯದು ಟವರ್, ಸಿಡಿಲು ಬಡಿದು ಮೇಲಿಂದ ಮನುಷ್ಯರು ಬೀಳುತ್ತಿರುವ ಗೋಪುರ. ಎರಡನೆಯದು ಎಂಪರರ್, ಸಿಂಹಾಸನದ ಮೇಲೆ ಗಡ್ಡದ ರಾಜ. ಮೂರನೆಯದು ಎಂಟು ಕತ್ತಿ, ಕಣ್ಣಿಗೆ ಬಟ್ಟೆ ಕಟ್ಟಿ ಹಗ್ಗ ಸುತ್ತಿ ನಿಲ್ಲಿಸಿದ ಒಬ್ಬ ಹೆಣ್ಣುಮಗಳು, ಸುತ್ತ ಕತ್ತಿ. ವೈನಿ ಆ ಚಿತ್ರ ನೋಡಿ ಸೆರಗು ಬಾಯಿಗೆ ಹಿಡಿದರು.

ಟವರ್ ಅಂದರೆ ಮಂಗಳ, ಆದ್ದರಿಂದ ಮಂಗಳ ಬಾಧೆ ಇದೆ, ಬಾಧೆ ಇದೆ ಅಂದಮೇಲೆ ತುಲಾ ಲಗ್ನವೇ ಸರಿ. ಎಂಪರರ್ ಅಂದರೆ ಮೇಷ, ಹುಡುಗಿಯ ರಾಶಿಯೂ ಮೇಷ, ನೋಡಿ ಹೇಗೆ ಹೊಂದಿತು. ಎಂಟು ಕತ್ತಿ ಅಂದರೆ ಈಗ ಹೆಜ್ಜೆ ಇಡಬೇಡಿ. ಮಂಗಳವಾರ ಪೂಜೆ, ಹವಳದ ಉಂಗುರ, ನಲವತ್ತೆಂಟು ದಿನ ಬಿಟ್ಟು ಮತ್ತೊಮ್ಮೆ ಕಾರ್ಡ್.

ಇಲ್ಲಿ ಏನು ನಡೆಯಿತು ಅಂತ ನಿಧಾನವಾಗಿ ನೋಡ್ರಿ. ಜಾತಕಕ್ಕೆ ಬೇಕಾದ ಮೂಲ ಸಂಖ್ಯೆಯನ್ನೇ ಕಾರ್ಡು ಆರಿಸಿತು. ಆ ಸಂಖ್ಯೆಯಿಂದ ದೋಷ ಹುಟ್ಟಿತು. ಆ ದೋಷದಿಂದ ಕಾರ್ಡು ಖರೇ ಆಯಿತು. ಎರಡು ಸಾಕ್ಷಿ ಅಂತ ವೈನಿಗೆ ಅನಿಸಿತು. ಖರೇ ಅಂದರೆ ಇದ್ದದ್ದು ಒಂದೇ ಸಾಕ್ಷಿ, ಅದು ಎರಡು ಸಲ ಕಟಕಟೆ ಹತ್ತಿತ್ತು.

ಸಾಮಾನ್ಯವಾಗಿ ಜನ ಈ ಎರಡನ್ನೂ "ಭವಿಷ್ಯ" ಅಂತ ಒಂದೇ ಬುಟ್ಟಿಗೆ ಹಾಕುತ್ತಾರೆ. ಎರಡೂ ಹೇಳಿಕೊಳ್ಳುವುದು ಬೇರೆ ಬೇರೆ. ಜಾತಕ ಹೇಳುತ್ತದೆ: ನೀನು ಹುಟ್ಟಿದ ಕ್ಷಣಕ್ಕೂ ನಿನ್ನ ಇಡೀ ಬದುಕಿಗೂ ಸಂಬಂಧ ಇದೆ, ಆ ಕ್ಷಣ ಒಂದೇ ಸಲ ಬಂದದ್ದು, ಯಾರೇ ಲೆಕ್ಕ ಹಾಕಿದರೂ ಅದೇ ಕುಂಡಲಿ ಬರಬೇಕು. ಇದು ಬಹಳ ದೊಡ್ಡ ಮಾತು, ನನ್ನ ಪ್ರಕಾರ ಸುಳ್ಳು ಮಾತು, ಆದರೆ ಪರೀಕ್ಷೆ ಮಾಡಬಹುದಾದ ಮಾತು. ಟ್ಯಾರೋ ಹಂಗೆ ಹೇಳುವುದಿಲ್ಲ. ಅದು ಹೇಳುವುದು: ಈ ಹೊತ್ತು, ಈ ಪ್ರಶ್ನೆ, ನಿನ್ನ ಕೈಗೆ ಬಂದ ಈ ಕಾರ್ಡು. ನಾಳೆ ಮುಂಜಾನೆ ಅದೇ ಪ್ರಶ್ನೆಗೆ ಬೇರೆ ಕಾರ್ಡು ಬಂದರೆ ತಪ್ಪಲ್ಲ, ಈ ಹೊತ್ತು ಬದಲಾಯಿತು ಅಷ್ಟೇ. ಅದು ಸೋಲಲಾರದು, ಯಾಕಂದರೆ ಅದು ಪಣ ಕಟ್ಟಿಯೇ ಇಲ್ಲ.

ಜಾತಕ ಎಷ್ಟು ಪಣ ಕಟ್ಟುತ್ತದೆ ಅನ್ನುವುದಕ್ಕೆ ಇದೇ ಹುಡುಗಿಯ ದಶೆ ನೋಡೋಣ. ಭರಣಿಯಲ್ಲಿ ಹುಟ್ಟಿದವರಿಗೆ ಮೊದಲು ಶುಕ್ರದಶೆ, ಪೂರ್ತಿ 20 ವರ್ಷ. ಚಂದ್ರ ನಕ್ಷತ್ರದಲ್ಲಿ ಎಷ್ಟು ಭಾಗ ದಾಟಿದ್ದಾನೋ ಅಷ್ಟು ವರ್ಷ ಕಳೆಯಬೇಕು. ಈಕೆಯ ಚಂದ್ರ ಭರಣಿಯ ನಡುವೆ ಇದ್ದಾನೆ, ಹಂಗಾಗಿ ಉಳಿದದ್ದು 10 ವರ್ಷ. ಆಮೇಲೆ ರವಿ 6, ಚಂದ್ರ 10. ಕೂಡಿಸಿದರೆ 26, ಅಂದರೆ 2023ರ ಫೆಬ್ರವರಿಗೆ ಕುಜದಶೆ ಶುರು, 7 ವರ್ಷ. ಚಂದ್ರ ಒಂದು ನಕ್ಷತ್ರ ದಾಟಲು ಹೆಚ್ಚುಕಡಿಮೆ ಒಂದು ದಿನ ತೆಗೆದುಕೊಳ್ಳುತ್ತಾನೆ. ಹಂಗಾಗಿ ನರ್ಸಬಾಯಿ ಐದು ನಿಮಿಷ ತಪ್ಪಿದ್ದರೂ ದಶೆಯ ತಾರೀಖು ಸರಿಯುವುದು ಇಪ್ಪತ್ತೈದು ದಿನದಷ್ಟು ಮಾತ್ರ. ಲಗ್ನವನ್ನೇ ಹಾರಿಸುವ ತಪ್ಪು ದಶೆಗೆ ಏನೂ ಮಾಡುವುದಿಲ್ಲ.

ಇನ್ನೊಂದು ತೊಡಕು ಇದೆ, ಅದನ್ನು ಮುಚ್ಚಿಟ್ಟರೆ ನಾನೂ ಮೇಡಂ ಸಾಲಿಗೇ ಸೇರುತ್ತೇನೆ. ರಾಶಿಚಕ್ರ ಎಲ್ಲಿಂದ ಶುರು ಅನ್ನುವುದರಲ್ಲೇ ಜೋತಿಷಿಗಳಿಗೆ ಒಮ್ಮತ ಇಲ್ಲ. ಅದನ್ನು ಅಯನಾಂಶ ಅಂತಾರೆ. ಕೇಂದ್ರ ಸರಕಾರ 1950ರ ದಶಕದಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ಮಾಡಿತ್ತು, ಅಲ್ಲಿಂದ ಬಂದ ಲಾಹಿರಿ ಅಯನಾಂಶ ಈಗ ಹೆಚ್ಚಿನ ಆ್ಯಪುಗಳಲ್ಲಿ ಇರುವುದು. ನಮ್ಮ ಬೆಂಗಳೂರಿನ ಬಿ.ವಿ. ರಾಮನ್ ಅವರದು ಬೇರೆ, ಸುಮಾರು ಒಂದೂವರೆ ಡಿಗ್ರಿ ಕಡಿಮೆ. ರಾಮನ್ ಲೆಕ್ಕ ಹಿಡಿದರೆ ಇದೇ ಹುಡುಗಿಯ ಕುಜದಶೆ ಎರಡು ವರ್ಷಕ್ಕಿಂತ ಜಾಸ್ತಿ ಹಿಂದೆ ಬಂದು 2020ರ ಕೊನೆಗೇ ಶುರುವಾಗುತ್ತದೆ. ಎರಡೂ ಸರಿ ಇರಲು ಸಾಧ್ಯವಿಲ್ಲ. ಕುಜದೋಷದ ಮನೆಗಳದ್ದೂ ಅದೇ ಹಾಡು. ನಮ್ಮ ಅಯ್ಯನವರು ಹಿಡಿದದ್ದು 2, 4, 7, 8, 12. ಕೆಲವರು ಒಂದನೇ ಮನೆಯನ್ನೂ ಸೇರಿಸುತ್ತಾರೆ. ಸೇರಿಸಿದರೆ ಕನ್ಯಾ ಲಗ್ನಕ್ಕೂ ಹುಡುಗಿಗೆ ದೋಷವೇ. ಹನ್ನೆರಡರಲ್ಲಿ ಆರು ಮನೆ ಅಂದರೆ ಊರಿನ ಅರ್ಧ ಮಂದಿ. ಅರ್ಧ ಮಂದಿಗೆ ಇರುವುದನ್ನು ದೋಷ ಅನ್ನುವುದೇ ನನಗೆ ತಿಳಿಯದು. ಆದರೆ ಗಮನಿಸಿ, ಈ ಬೇಸರವನ್ನೆಲ್ಲ ನಾನು ಇಷ್ಟು ವಿವರವಾಗಿ ಬರೆಯಲು ಆಗುತ್ತಿರುವುದೇ ಜಾತಕ ತನ್ನ ಲೆಕ್ಕವನ್ನು ಬಯಲಿಗಿಟ್ಟದ್ದರಿಂದ. ಎಲ್ಲಿ ಮುರಿಯುತ್ತದೆ ಅಂತ ಬೆರಳಿಟ್ಟು ತೋರಿಸಬಹುದು.

ತೋರಿಸಿದವರೂ ಇದ್ದಾರೆ. ಪುಣೆಯ ಜಯಂತ ನಾರ್ಳೀಕರ ಮತ್ತು ಅವರ ಸಂಗಡಿಗರು ಒಂದು ಪರೀಕ್ಷೆ ಮಾಡಿ 2009ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ನರೇಂದ್ರ ದಾಭೋಲಕರ ಆ ತಂಡದಲ್ಲಿದ್ದರು. ನೂರು ಜನ ಬುದ್ಧಿವಂತ ಮಕ್ಕಳ, ನೂರು ಜನ ಬುದ್ಧಿಮಾಂದ್ಯ ಮಕ್ಕಳ ಜಾತಕ ಸೇರಿಸಿ, ಒಬ್ಬೊಬ್ಬ ಜೋತಿಷಿಗೆ ನಲವತ್ತು ಕೊಟ್ಟು, ಯಾವುದು ಯಾರದು ಹೇಳಿ ಅಂದರು. 27 ಜನ ಉತ್ತರ ಕಳಿಸಿದರು. ಸರಾಸರಿ ಸರಿ ಬಂದದ್ದು ನೂರಕ್ಕೆ 46. ನಾಣ್ಯ ಚಿಮ್ಮಿದರೆ 50 ಬರುತ್ತಿತ್ತು. ಜಾತಕದವರು ಸೋತರು. ಸೋಲಲು ಒಪ್ಪಿ ಅಖಾಡಕ್ಕೆ ಇಳಿದರಲ್ಲ, ಆ 27 ಜನರ ಬಗ್ಗೆ ನನಗೆ ಒಂದಿಷ್ಟು ಗೌರವವೂ ಇದೆ. ಜಾತಕಕ್ಕೆ ಕಾರ್ಡು ಜೋಡಿಸಿಕೊಂಡವರಿಗೆ ಇಂಥ ಪರೀಕ್ಷೆ ಒಡ್ಡುವುದು ಹೆಂಗೆ? ಜಾತಕ ತಪ್ಪಿದರೆ ಕಾರ್ಡು ಬೇರೆ ಹೇಳಿತ್ತು ಅನ್ನುತ್ತಾರೆ, ಕಾರ್ಡು ತಪ್ಪಿದರೆ ದಶೆ ತಡೆಯಿತು ಅನ್ನುತ್ತಾರೆ.

ಇನ್ನು ಕಾರ್ಡಿನ ಪೂರ್ವೋತ್ತರ. ಇದನ್ನು ಬಹಳ ಜನ ಪುರಾತನ ಈಜಿಪ್ಟಿನದು ಅಂತ ತಿಳಿದಿದ್ದಾರೆ. ಅಲ್ಲ. ಹದಿನೈದನೇ ಶತಮಾನದ ಉತ್ತರ ಇಟಲಿಯಲ್ಲಿ ಸಾಹುಕಾರರು ಆಡುತ್ತಿದ್ದ ಇಸ್ಪೀಟು ಇದು, ಹೊತ್ತು ಕಳೆಯುವ ಆಟ. ಈಜಿಪ್ಟಿನ ಕಥೆ ಕಟ್ಟಿದ್ದು 1781ರಲ್ಲಿ ಪ್ಯಾರಿಸ್ಸಿನ ಕೂರ್ ದ ಜೆಬೆಲಾನ್ ಎಂಬಾತ. ಆಗ ಈಜಿಪ್ಟಿನ ಲಿಪಿಯನ್ನು ಓದಲು ಯಾರಿಗೂ ಬರುತ್ತಿರಲಿಲ್ಲ, ಹಂಗಾಗಿ ಅಲ್ಲಗಳೆಯುವವರೂ ಇರಲಿಲ್ಲ. ಮೇಡಂ ಕೈಯಲ್ಲಿದ್ದ ಚಿತ್ರಗಳು 1909ರವು, ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಚಿತ್ರಗಾರ್ತಿ ಬರೆದದ್ದು. ಒಟ್ಟು 78 ಕಾರ್ಡು, 22 ದೊಡ್ಡವು, 56 ಸಣ್ಣವು. ಕಾರ್ಡಿಗೂ ಗ್ರಹಕ್ಕೂ ಗಂಟು ಹಾಕಿದ, ಇವತ್ತು ಎಲ್ಲೆಡೆ ಚಾಲ್ತಿಯಲ್ಲಿರುವ ಪಟ್ಟಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಗೋಲ್ಡನ್ ಡಾನ್ ಎಂಬ ಗುಪ್ತ ಮಂಡಳಿಯವರು ಮಾಡಿದ್ದು. ಟವರ್ ಮಂಗಳ, ಎಂಪರರ್ ಮೇಷ, ಡೆತ್ ವೃಶ್ಚಿಕ, ಹೀಗೆ.

ಎಂಪರರ್ ಬಂತು, ಹುಡುಗಿ ಮೇಷ, ಹೊಂದಿತು ಅಂದರಲ್ಲ? ನನ್ನ ಕೈಯಲ್ಲಿದ್ದ ಚಹಾ ಆರಿದ್ದು ಅಲ್ಲೇ. ಆ ಪಟ್ಟಿ ಮಾಡಿದ ಇಂಗ್ಲಿಷರ ರಾಶಿಚಕ್ರ ಬೇರೆ, ನಮ್ಮದು ಬೇರೆ. ಅವರದು ವಸಂತ ಋತುವಿನ ವಿಷುವದಿಂದ ಎಣಿಸುವ ಸಾಯನ ಚಕ್ರ, ನಮ್ಮದು ನಕ್ಷತ್ರ ಹಿಡಿದು ಎಣಿಸುವ ನಿರಯನ ಚಕ್ರ. ಎರಡರ ನಡುವೆ ಈಗ ಸುಮಾರು 24 ಡಿಗ್ರಿ ಅಂತರ. ಅದೂ ಅಲ್ಲದೆ ನಿಮ್ಮ ರಾಶಿ ಯಾವುದು ಅಂದರೆ ಅಲ್ಲಿಯವರು ಸೂರ್ಯ ಇರುವ ರಾಶಿ ಹೇಳುತ್ತಾರೆ, ನಾವು ಚಂದ್ರ ಇರುವ ರಾಶಿ ಹೇಳುತ್ತೇವೆ. ಹುಡುಗಿಯ ಚಂದ್ರ ನಮ್ಮ ಮೇಷದ 20ನೇ ಡಿಗ್ರಿಯ ಹತ್ತಿರ. ಅದಕ್ಕೆ 24 ಕೂಡಿಸಿದರೆ ಅವರ ಚಕ್ರದಲ್ಲಿ ವೃಷಭದ ನಡುವೆ ಹೋಗಿ ಕೂಡುತ್ತಾನೆ. ವೃಷಭಕ್ಕೆ ಅವರ ಕಾರ್ಡು ಹೈರೋಫಂಟ್, ಮಠಾಧೀಶನ ಹಾಗೆ ಕೂತ ಧರ್ಮಗುರು. ಸೂರ್ಯನಿಂದ ನೋಡಿದರೆ ಫೆಬ್ರವರಿ ನಡುವೆ ಹುಟ್ಟಿದ ಆಕೆ ಅವರ ಲೆಕ್ಕಕ್ಕೆ ಕುಂಭ, ಅದರ ಕಾರ್ಡು ಸ್ಟಾರ್. ಎಂಪರರಿಗೂ ಆಕೆಗೂ ಅವರ ಪಟ್ಟಿಯಂತೆ ಸಂಬಂಧವೇ ಇಲ್ಲ. ಮೇಷ ಅನ್ನುವ ಹೆಸರೊಂದು ಎರಡೂ ಕಡೆ ಇದ್ದದ್ದಕ್ಕೆ ಹೊಂದಿತು ಅಷ್ಟೇ. ಜಮಖಂಡಿಯ ಬಸವರಾಜನ ಸಾಲವನ್ನು ಮುಧೋಳದ ಬಸವರಾಜನ ಹತ್ತಿರ ವಸೂಲಿ ಮಾಡಿದ ಹಾಗೆ.

ಟವರ್ ಬಂದದ್ದೇ ಪವಾಡ ಅಂತ ವೈನಿಗೆ ಇವತ್ತಿಗೂ ಅನಿಸುತ್ತದೆ. ಸಣ್ಣ ಲೆಕ್ಕ ಹಾಕಿದೆ. ಆ ಪಟ್ಟಿಯಲ್ಲಿ ಮಂಗಳನಿಗೆ ಸೇರಿದ್ದು ಟವರ್ ಒಂದೇ ಅಲ್ಲ. ಮಂಗಳನ ಎರಡು ಮನೆ ಮೇಷ, ವೃಶ್ಚಿಕ, ಅವುಗಳ ದೊಡ್ಡ ಕಾರ್ಡು ಎರಡು. ಸಣ್ಣ ಕಾರ್ಡುಗಳಲ್ಲಿ ಒಂದೊಂದು ರಾಶಿಗೆ ಮೂರು ಮೂರು ಹಂಚಿದ್ದಾರೆ, ಅಲ್ಲಿ ಮಂಗಳನ ರಾಶಿಯವು, ಬೇರೆ ರಾಶಿಯಲ್ಲಿದ್ದರೂ ಮಂಗಳನ ಪಾಲಿಗೆ ಬಂದವು ಎಲ್ಲ ಸೇರಿ ಹತ್ತು. ಒಟ್ಟು 13. ಎಪ್ಪತ್ತೆಂಟರಲ್ಲಿ ಹದಿಮೂರು ಅಂದರೆ ಆರಕ್ಕೊಂದು. ಮೂರು ಕಾರ್ಡು ತೆಗೆದರೆ ಅದರಲ್ಲಿ ಒಂದಾದರೂ ಮಂಗಳನದಾಗಿರುವ ಸಂಭವ ನೂರರಲ್ಲಿ ಸುಮಾರು ನಲವತ್ತಮೂರು. ಹತ್ತು ಕಾರ್ಡು ಹಾಕುವ ಪದ್ಧತಿಯೂ ಇದೆ, ಅದರಲ್ಲಿ ನೂರರಲ್ಲಿ ಎಂಬತ್ತೈದು ದಾಟುತ್ತದೆ. ಮಂಗಳನನ್ನು ಹುಡುಕುತ್ತ ಕೂತವರಿಗೆ ಮಂಗಳ ಸಿಗದೆ ಇನ್ನೇನು?

ಕಾರ್ಡು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಅದು ಮೊದಲಿಂದಲೂ ಇತ್ತು. ಜಾತ್ರೆಯಲ್ಲಿ ಪಂಜರ ಇಟ್ಟುಕೊಂಡು ಗಿಳಿಶಾಸ್ತ್ರದವನು ಕೂಡುತ್ತಿದ್ದ. ಗಿಳಿ ಹೊರಗೆ ಬಂದು ಒಂದು ಚೀಟಿ ಎಳೆಯುತ್ತಿತ್ತು, ಅದರಲ್ಲಿ ಒಂದು ದೇವರ ಚಿತ್ರ. ನಮ್ಮ ಅವ್ವನಿಗೆ ಒಮ್ಮೆ ಸುಬ್ರಹ್ಮಣ್ಯ ಬಂದು, "ತವರಿನ ಚಿಂತಿ ಮಾಡಾಕತ್ತೀಯವ್ವ" ಅಂದಿದ್ದ ಅವನು. ಲಗ್ನವಾದ ಯಾವ ಹೆಣ್ಣುಮಗಳು ತವರಿನ ಚಿಂತೆ ಮಾಡುವುದಿಲ್ಲ? ಆದರೂ ಅವ್ವ ಅವತ್ತು ಕೂತು ಮನಸ್ಸಿನಾಗಿಂದೆಲ್ಲ ಹೇಳಿಕೊಂಡು ಹಗುರಾದಳು. ಟ್ಯಾರೋ ಇಷ್ಟು ಮಾಡಿದರೆ ನನ್ನ ತಕರಾರಿಲ್ಲ. ಚಿತ್ರ ಮುಂದೆ ಇದ್ದಾಗ ಮಾತು ಹೊರಡುತ್ತದೆ. ಕೆಲವು ಟ್ಯಾರೋದವರು ತಾವೇ, ಇದು ಭವಿಷ್ಯ ಅಲ್ಲ, ನಿಮ್ಮ ಮನಸ್ಸು ನಿಮಗೆ ತೋರಿಸೋದು ಅಂತ ಮೊದಲೇ ಹೇಳಿ ಕೂಡುತ್ತಾರೆ. ಅವರಿಗೆ ನನ್ನ ನಮಸ್ಕಾರ. ಗಿಳಿಯವನು ಅವ್ವನ ಜನ್ಮವೇಳೆ ಕೇಳಲಿಲ್ಲ, ಯಾರದೂ ಲಗ್ನ ತಿದ್ದಲಿಲ್ಲ. ಹತ್ತು ಪೈಸೆ ತಗೊಂಡು ಗಿಳಿಯನ್ನು ಒಳಗೆ ಕಳಿಸಿದ.

ಒಬ್ಬ ಗೆಳೆಯ ಇದಕ್ಕೆ ಅಡ್ಡ ಬಂದ. ಜೋತಿಷ್ಯದಲ್ಲೇ ಪ್ರಶ್ನಶಾಸ್ತ್ರ ಇದೆಯಲ್ಲ, ಕೇರಳದವರು ಅಷ್ಟಮಂಗಲ ಪ್ರಶ್ನೆಗೆ ಕವಡೆ ಇಡುತ್ತಾರಲ್ಲ, ಕೃಷ್ಣಮೂರ್ತಿ ಪದ್ಧತಿಯಲ್ಲಿ 1ರಿಂದ 249ರೊಳಗೆ ಒಂದು ಸಂಖ್ಯೆ ಹೇಳು ಅಂತ ಕೇಳಿ ಅದರಿಂದಲೇ ಲಗ್ನ ಹಿಡಿಯುತ್ತಾರಲ್ಲ, ಕಾರ್ಡು ಯಾಕೆ ಬೇಡ ಅಂದ. ಮಾತು ಖರೇ ಅದ. ಅದೂ ಲಾಟರಿಯೇ. ಆದರೆ ಅಲ್ಲಿ ಪ್ರಶ್ನೆಯ ಕುಂಡಲಿ ಬೇರೆ ಹಾಳೆಯ ಮೇಲೆ ಇರುತ್ತದೆ, ಜನ್ಮಕುಂಡಲಿ ಬೇರೆ. ನೀನು 117 ಅಂದೆ ಅನ್ನುವ ಕಾರಣಕ್ಕೆ ನೀನು ಹುಟ್ಟಿದ್ದೇ ಐದು ನಿಮಿಷ ತಡವಾಗಿ ಅಂತ ದವಾಖಾನೆಯ ವೇಳೆಯನ್ನು ತಿದ್ದಿದರೆ ನಾನು ಅದಕ್ಕೂ ಇದೇ ಮಾತು ಹೇಳುತ್ತೇನೆ.

ಜನ ಯಾಕೆ ಎರಡನ್ನೂ ಕೂಡಿಸುತ್ತಾರೆ ಅನ್ನುವುದು ನನಗೆ ತಿಳಿಯದ್ದಲ್ಲ. ಜಾತಕ ಹೇಳುವುದು ವರ್ಷಗಳ ಲೆಕ್ಕ, ಕುಜದಶೆ ಏಳು ವರ್ಷ ಅಂತ. ಇಪ್ಪತ್ತೇಳು ವರ್ಷದ ಮಗಳಿರುವ ತಾಯಿಗೆ ಏಳು ವರ್ಷ ಅಂದರೆ ಉತ್ತರ ಅಲ್ಲ, ಬರುವ ಸೋಮವಾರ ಬೀಗರಿಗೆ ಏನು ಹೇಳಲಿ ಅನ್ನುವುದು ಆಕೆಯ ಪ್ರಶ್ನೆ. ಆ ಸೋಮವಾರಕ್ಕೆ ಕಾರ್ಡು ಬೇಕಾಗುತ್ತದೆ. ಬರೀ ಕಾರ್ಡು ಅಂದರೆ ಹುಡುಗಾಟ ಅನಿಸುತ್ತದೆ, ಅದಕ್ಕೆ ತೂಕ ಬರಲಿ ಅಂತ ಗ್ರಹದ ಹೆಸರು ಬೇಕು. ಹೀಗೆ ಒಂದು ಇನ್ನೊಂದರ ಬಟ್ಟೆ ಹಾಕಿಕೊಂಡು ಬರುತ್ತದೆ. ವೈನಿ ಮೂರ್ಖರಲ್ಲ. ಹೆದರಿದ್ದರು.

ಅವರು ಪ್ರಾಮಾಣಿಕರು ಕೂಡ, ಅದೇ ಮುಳುವಾಯಿತು. ಬನಹಟ್ಟಿಯವರಿಗೆ ಫೋನ್ ಮಾಡಿ, "ಮುಚ್ಚಿಟ್ಟು ಲಗ್ನ ಮಾಡಬಾರದು ನೋಡ್ರಿ, ಮಂಗಳ ಐತಂತ, ಒಂದೆರಡು ತಿಂಗಳು ತಡೀರಿ, ಶಾಂತಿ ಮಾಡಸ್ತೀವಿ" ಅಂದರು. ಹುಡುಗನ ತಾಯಿ ಆಯಿತು ಅಂದರು. ನಲವತ್ತೆಂಟು ದಿನದ ಮೇಲೆ ಮತ್ತೆ ಕಾರ್ಡು ಹಾಕಿದಾಗ ಇನ್ನೊಂದು ಸ್ವಲ್ಪ ಕಾಯಿರಿ ಅಂತ ಬಂತು. ಆ ಸ್ವಲ್ಪದಲ್ಲಿ ಹುಡುಗನಿಗೆ ಬೇರೆ ಕಡೆ ನಿಶ್ಚಯವಾಯಿತು. ಹುಡುಗಿ ನನಗೆ ಫೋನ್ ಮಾಡಿದಳು, ಅಳಲಿಲ್ಲ. "ಕಾಕಾ, ನಾನು ಎಷ್ಟಕ್ಕ ಹುಟ್ಟೇನಿ ಖರೇ ಹೇಳು" ಅಂದಳು. ಏನಂತ ಹೇಳಲಿ? ಅಣ್ಣನ ಟ್ರಂಕಿನಲ್ಲಿ ದವಾಖಾನೆಯ ಕಾರ್ಡು ಹುಡುಕಿ ತೆಗೆದೆ. ಹತ್ತೂ ಇಪ್ಪತ್ತರ ಸೊನ್ನೆಯ ಮೇಲೆ ಮತ್ತೊಮ್ಮೆ ಪೆನ್ನು ಆಡಿಸಿದ್ದಾರೆ. ಅದು ಸೊನ್ನೆಯೋ, ಸೊನ್ನೆ ಮಾಡಿದ ಐದೋ, ಭೂತಗನ್ನಡಿ ಹಿಡಿದರೂ ತಿಳಿಯಲಿಲ್ಲ.

ಹೋದ ತಿಂಗಳು ಮುಧೋಳದ ಕಡೆಯಿಂದ ಒಂದು ಸಂಬಂಧ ಬಂದಿದೆ. ಜಾತಕ ಕಳಿಸಿ ಅಂದರು. ಈ ಸಲ ಆ್ಯಪಿನ ಪ್ರಿಂಟು ಕೊಡಲಿಲ್ಲ, ನಾನೇ ಕೈಯಿಂದ ಬರೆದೆ. ಒಂದು ಹಾಳೆಯಲ್ಲಿ ಕನ್ಯಾ ಲಗ್ನದ ಕುಂಡಲಿ, ಇನ್ನೊಂದರಲ್ಲಿ ತುಲಾ ಲಗ್ನದ್ದು, ಕೆಳಗೆ ಜನ್ಮವೇಳೆ ಐದು ನಿಮಿಷ ಅನಿಶ್ಚಿತ ಅಂತ ಬರೆದು ದವಾಖಾನೆಯ ಕಾರ್ಡಿನ ಝೆರಾಕ್ಸ್ ಲಗತ್ತಿಸಿದೆ. ಎರಡು ದಿನ ಬಿಟ್ಟು ಅಲ್ಲಿಯ ಅಯ್ಯನವರ ಫೋನ್ ಬಂತು.

"ಎರಡ ಯಾಕ ಕಳಿಸೀರಿ ಮಾಸ್ತರ?"

"ಯಾವುದು ಖರೇ ಅಂತ ನಮಗ ಗೊತ್ತಿಲ್ರಿ."

ಅಯ್ಯನವರು ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. "ಆತು ಬಿಡ್ರಿ, ಚಂದ್ರನಿಂದ ನೋಡತೀನಿ" ಅಂದರು.